ವೈನ್ ತಿಳಿಯಾಯ್ತು ಅಂದ್ರೆ ಮುಗೀತು ಅಂತಲ್ಲ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿದೆ. ಹೋದ ವಾರ ಭರಣಿ ವೈನ್ ಬಗ್ಗೆ ಬರೆದಾಗ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ನಮ್ದು ಬಗ್ಗಡವಾಗೇ ಇದೆ, ಅಂಗಡಿ ವೈನ್ ಥರ ತಿಳಿ ಮಾಡೋಕೆ ಏನ್ ಹಾಕ್ಬೇಕು?" ಅದಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟರೆ ನಿಮ್ಮನ್ನ ದಾರಿ ತಪ್ಪಿಸಿದ ಹಾಗೆ. ಯಾಕೆಂದ್ರೆ ಇದೇ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ನಂಬಿ ನಾನು ಇಪ್ಪತ್ತು ಲೀಟರ್ ಸೀಬೆ ವೈನ್ ಹಾಳು ಮಾಡೋದ್ರಲ್ಲಿದ್ದೆ, ಇನ್ನೊಂದು ವರ್ಷ ಉಗ್ರಾಣದಲ್ಲಿ ಬಾಟಲಿ ಸಿಡಿಸ್ಕೊಂಡೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಏನು ಹಾಕ್ಬೇಕು ಅನ್ನೋದು ಎರಡನೇ ಪ್ರಶ್ನೆ. ಯಾವ ಮಬ್ಬು ಅನ್ನೋದು ಮೊದಲನೇ ಪ್ರಶ್ನೆ. ಮನೆ ವೈನಿಗೆ ಮೊದಲ ಮದ್ದು ಕಾಲ, ಎರಡನೇದು ತಂಪು, ಮೂರನೇದು ಅಳತೆ ಮಾಡಿದ ಜೇಡಿ. ಮೊಟ್ಟೆ, ಜೆಲಾಟಿನ್ ಎಲ್ಲ ಕೊನೆಗೆ, ಅದೂ ಕಾರಣ ಇದ್ರೆ ಮಾತ್ರ.

ನಮ್ಮ ಅಜ್ಜಿ ಕಾಲದಲ್ಲಿ ಮಳೆಗಾಲದ ಕೆಂಪು ನೀರಿಗೆ ಪಟಿಕ ಆಡಿಸ್ತಿದ್ರು. ರಾತ್ರಿ ಆಡಿಸಿಟ್ರೆ ಬೆಳಿಗ್ಗೆ ಮೇಲೆ ತಿಳಿನೀರು, ತಳದಲ್ಲಿ ಮಣ್ಣು. ನೀರಲ್ಲಿ ತೇಲೋ ಮಣ್ಣಿನ ಕಣಗಳ ಮೇಲೆಲ್ಲ ಒಂದೇ ಥರದ ವಿದ್ಯುತ್ ಗುಣ ಇರುತ್ತೆ. ಅದಕ್ಕೇ ಒಂದನ್ನೊಂದು ತಳ್ತಾ, ಕೂರದೆ ತೇಲಾಡ್ತವೆ. ವಿರುದ್ಧ ಗುಣದ್ದು ಸೇರಿಸಿದ್ರೆ ಅಂಟಿಕೊಂಡು ದಪ್ಪಗಾಗಿ ಇಳಿಯುತ್ತೆ. ವೈನಲ್ಲಿ ಫೈನಿಂಗ್ ಅನ್ನೋದೂ ಇದೇ ಕೆಲಸ. (ಹಾಗಂತ ವೈನಿಗೆ ಪಟಿಕ ಹಾಕ್ಬೇಡಿ ಮತ್ತೆ. ತತ್ವ ಹೇಳ್ದೆ ಅಷ್ಟೇ.) ಇದರಲ್ಲೇ ಒಂದು ಮುಖ್ಯ ವಿಷಯ ಅಡಗಿದೆ. ಹಾಕೋ ವಸ್ತು ತನಗೆ ವಿರುದ್ಧವಾದದ್ದನ್ನ ಮಾತ್ರ ಹಿಡಿಯುತ್ತೆ. ಅದಕ್ಕೆ ಸಂಬಂಧವೇ ಇಲ್ಲದ ಮಬ್ಬಾಗಿದ್ರೆ, ಎಷ್ಟು ಹಾಕಿದ್ರೂ ಅದು ಹಾಗೇ ನಿಲ್ಲುತ್ತೆ.

ಈಗ ಸೀಬೆ ಕಥೆ. ತೋಟದ ಬೇಲಿ ಸಾಲಲ್ಲಿ ಸೀಬೆ ಸಿಕ್ಕಾಪಟ್ಟೆ ಬಿಟ್ಟಿತ್ತು. ಎಂಟು ಕೆಜಿ ಹಣ್ಣು ಹೆಚ್ಚಿ, "ಕುದಿಸಿದ್ರೆ ಕೆಡಲ್ಲ" ಅಂತ ಯಾರೋ ಹೇಳಿದ್ದು ಕೇಳಿ ಚೆನ್ನಾಗಿ ಕುದಿಸ್ದೆ. ಆರಿದ ಮೇಲೆ ನಾಲ್ಕು ಕೆಜಿ ಸಕ್ಕರೆ, ನೀರು ಸೇರಿಸಿ ಇಪ್ಪತ್ತು ಲೀಟರ್ ಮಾಡಿ ವೈನ್ ಯೀಸ್ಟ್ ಹಾಕ್ದೆ. ಹುದುಗು ಚೆನ್ನಾಗೇ ಬಂತು. ತಿಂಗಳಿಗೆ ಗುಳ್ಳೆ ನಿಂತಿತು. ಗಷ್ಟಿನ ಮೇಲಿಂದ ಪೈಪ್ ಹಾಕಿ ಬೇರೆ ಕ್ಯಾನಿಗೆ ಇಳಿಸ್ದೆ. ಎರಡು ತಿಂಗಳಾದ್ರೂ ಬಣ್ಣ ಅಕ್ಕಿ ತೊಳೆದ ನೀರಿನ ಹಾಗೇ ಇತ್ತು.

ಬೆಂಟೊನೈಟ್ ಹಾಕು ಅಂದ್ರು. ತರಿಸಿ ಹಾಕ್ದೆ. ತಳದಲ್ಲಿ ಒಂದು ಬೆರಳು ಗಷ್ಟು ಕೂತಿತು, ಮಬ್ಬು ಮಾತ್ರ ಅಲ್ಲೇ. ಜೆಲಾಟಿನ್ ಹಾಕು ಅಂದ್ರು. ಅದನ್ನೂ ಹಾಕ್ದೆ. ಮಬ್ಬು ಜಾಸ್ತಿಯಾಯ್ತು! ನಮ್ಮ ಮನೆಯವಳು ಕ್ಯಾನ್ ನೋಡಿ, "ಏನ್ರೀ ಇದು, ಮೊದಲೇ ಪರವಾಗಿರ್ಲಿಲ್ಲ" ಅಂದ್ಲು. ಸತ್ಯ.

ಆಮೇಲೆ ಕೂತು ಓದಿ, ಪರೀಕ್ಷೆ ಮಾಡಿ ನೋಡಿದಾಗ ಗೊತ್ತಾಯ್ತು, ಅದು ಪೆಕ್ಟಿನ್ ಮಬ್ಬು. ಕಾಫಿ ಬೆಳೆಯೋರಿಗೆ ಪೆಕ್ಟಿನ್ ಅಂದ್ರೆ ವಿವರಿಸೋದೇ ಬೇಡ. ಪಲ್ಪರ್ ಆದ್ಮೇಲೆ ಬೀಜದ ಮೇಲೆ ಉಳಿಯೋ ಲೋಳೆ ಇದೆಯಲ್ಲ, ತೊಟ್ಟಿಯಲ್ಲಿ ಹುಳಿ ಬರಿಸಿ ಬಿಡಿಸ್ತೀವಲ್ಲ, ಅದರಲ್ಲಿ ಇರೋದು ಇದೇ. ಸೀಬೆ ಜೆಲ್ಲಿ ಗಟ್ಟಿಯಾಗೋದೂ ಇದರಿಂದಲೇ. ನಾನು ಕುದಿಸಿ ಎರಡು ತಪ್ಪು ಒಟ್ಟಿಗೇ ಮಾಡಿದ್ದೆ. ಒಂದು, ಹಣ್ಣಿನಲ್ಲಿದ್ದ ಪೆಕ್ಟಿನನ್ನೆಲ್ಲ ನೀರಿಗೆ ಇಳಿಸಿದ್ದೆ. ಎರಡು, ಅದನ್ನ ಒಡೆಯೋ ಹಣ್ಣಿನದೇ ಕಿಣ್ವವನ್ನ ಬಿಸಿಯಲ್ಲಿ ಸಾಯಿಸಿದ್ದೆ.

ಬೆಂಟೊನೈಟ್ ಯಾಕೆ ಸೋತಿತು? ಬೆಂಟೊನೈಟ್ ಒಂದು ಜೇಡಿಮಣ್ಣು. ನಮ್ಮ ಎರೆಮಣ್ಣು ಪೊಟ್ಯಾಷ್, ಸುಣ್ಣ ಎಲ್ಲ ಹಿಡಿದಿಟ್ಟುಕೊಳ್ಳೋದು ಅದರ ಮೇಲಿನ ಋಣ ಗುಣದಿಂದ. ಇದೂ ಹಾಗೇ. ವೈನಿನ ಹುಳಿಯಲ್ಲಿ ಪ್ರೋಟೀನಿಗೆ ಧನ ಗುಣ ಇರೋದ್ರಿಂದ ಜೇಡಿ ಅದನ್ನ ಹಿಡಿಯುತ್ತೆ. ಪೆಕ್ಟಿನಿಗೆ ಇರೋದೂ ಋಣ ಗುಣವೇ, ಹಾಗಾಗಿ ಅದನ್ನ ಮುಟ್ಟಲ್ಲ. ಇನ್ನು ಜೆಲಾಟಿನ್ ಹಿಡಿಯೋದು ಮುಖ್ಯವಾಗಿ ಟ್ಯಾನಿನ್, ಅಂದ್ರೆ ಒಗರು. ಮಾಗಿದ ಸೀಬೆಯ ಬಿಳಿ ವೈನಲ್ಲಿ ಒಗರು ಎಷ್ಟಿರುತ್ತೆ? ಜೊತೆ ಸಿಗದ ಜೆಲಾಟಿನ್ ವೈನಲ್ಲೇ ಉಳ್ಕೊಂಡು ತಾನೇ ಒಂದು ಹೊಸ ಮಬ್ಬಾಯ್ತು.

ಸರಿಪಡಿಸಿದ್ದು ಹೀಗೆ. ಮೊದಲು ಪೆಕ್ಟಿನೇಸ್ ಕಿಣ್ವ. ಪ್ಯಾಕೆಟ್ ಮೇಲೆ ಹಣ್ಣಿಗೆ ಬರೆದಿದ್ದ ಪ್ರಮಾಣದ ಎರಡರಷ್ಟು ಹಾಕ್ದೆ, ಆಲ್ಕೋಹಾಲ್ ಇದ್ದಾಗ ಅದರ ಕೆಲಸ ನಿಧಾನ. ಕ್ಯಾನನ್ನ ತಂಪಿಗೆ ಇಡದೆ ಅಡುಗೆಮನೆ ಪಕ್ಕ ಬೆಚ್ಚಗೆ ಇಟ್ಟೆ. ಹದಿನೈದು ದಿನಕ್ಕೆ ಮೇಲಿನಿಂದ ತಿಳಿಯಾಗೋಕೆ ಶುರು. ಪೂರ್ತಿ ತಿಳಿ ಬರ್ಲಿಲ್ಲ, ಯಾಕಂದ್ರೆ ಹಳೇ ಜೆಲಾಟಿನ್ ಒಳಗೇ ಇತ್ತಲ್ಲ. ಜೆಲಾಟಿನ್ ಅಂದ್ರೆ ಪ್ರೋಟೀನ್, ಪ್ರೋಟೀನ್ ಹಿಡಿಯೋದು ಬೆಂಟೊನೈಟ್. ಹದಿನೈದು ಗ್ರಾಂ ಬೆಂಟೊನೈಟ್ ತಗೊಂಡು ಮುನ್ನೂರು ಮಿಲಿ ಬಿಸಿನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸಿ ಕಲಕಿ, ಒಂದು ದಿನ ನೆನೆಯೋಕೆ ಬಿಟ್ಟೆ. ಗಂಟಿಲ್ಲದ ಗಂಜಿ ಹಾಗಾದ ಮೇಲೆ ವೈನಿಗೆ ಸುರಿದು ನಿಧಾನಕ್ಕೆ ಕಲಕಿದೆ. ಹತ್ತು ದಿನಕ್ಕೆ ಹಿಂದಿನಿಂದ ದೀಪ ಹಿಡಿದ್ರೆ ಕಾಣೋ ಹಾಗಾಯ್ತು.

ಈ ಕ್ರಮ ತಿರುಗಾಮುರುಗಾ ಮಾಡ್ಬೇಡಿ. ಕಿಣ್ವವೂ ಪ್ರೋಟೀನೇ. ಬೆಂಟೊನೈಟ್ ಮೊದಲಿದ್ರೆ ನೀವು ಹಾಕೋ ಪೆಕ್ಟಿನೇಸನ್ನ ಅದೇ ನುಂಗಿ ತಳಕ್ಕೆ ಒಯ್ಯುತ್ತೆ. ಕಿಣ್ವ ಮೊದಲು, ಅದರ ಕೆಲಸ ಮುಗಿದ ಮೇಲೆ ಜೇಡಿ. ಇನ್ನೊಂದು ಮಾತು, ಬೆಂಟೊನೈಟ್ ಅಂದ ಕೂಡ್ಲೆ ಗೊಬ್ಬರದಂಗಡಿ ಗಂಧಕ-ಬೆಂಟೊನೈಟ್ ನೆನಪಾಗ್ಬಹುದು, ಅರ್ಥಿಂಗ್ ಗುಂಡಿಗೆ ಹಾಕೋ ಚೀಲ ನೆನಪಾಗ್ಬಹುದು. ಅವೆರಡೂ ಬೇಡ. ಆಹಾರಕ್ಕೆ ಅಂತಲೇ ಮಾರೋದು ಬೇಕು.

ಇಷ್ಟೆಲ್ಲ ಕಷ್ಟಪಟ್ಟು ನನಗೆ ಉಳಿದದ್ದೆಷ್ಟು? ಎರಡು ಸಲ ಜೇಡಿ, ಮೂರು ಸಲ ಇಳಿಸೋದು ಸೇರಿ ಇಪ್ಪತ್ತು ಲೀಟರಲ್ಲಿ ಹದಿನಾರಕ್ಕೆ ಬಂತು. ಸೀಬೆಯ ಘಮ ಅರ್ಧ ಹೋಗಿತ್ತು. ಜೇಡಿ ಪ್ರೋಟೀನ್ ಜೊತೆ ಪರಿಮಳವನ್ನೂ ಒಂದಿಷ್ಟು ಎಳ್ಕೊಂಡು ಹೋಗುತ್ತೆ, ಪ್ರತಿ ಸಲ ಇಳಿಸುವಾಗ ಗಾಳಿ ತಾಗಿ ಇನ್ನಷ್ಟು ಹೋಗುತ್ತೆ. ಶುರುವಲ್ಲೇ ಕುದಿಸದೆ, ಹಣ್ಣು ಜಜ್ಜಿ ಪೆಕ್ಟಿನೇಸ್ ಹಾಕಿ ಒಂದು ದಿನ ಇಟ್ಟು ಆಮೇಲೆ ಯೀಸ್ಟ್ ಹಾಕಿದ್ರೆ ಇದ್ಯಾವುದೂ ಬೇಕಿರ್ಲಿಲ್ಲ.

ಹಾಗಾದ್ರೆ ಯಾವ ಮಬ್ಬು ಅಂತ ಕಂಡುಹಿಡಿಯೋದು ಹೇಗೆ? ಒಂದು ಲೋಟ ವೈನ್ ಖರ್ಚು ಮಾಡಿ, ಸಾಕು.

ಮೊದಲು ಒಂದು ಸಣ್ಣ ಬಾಟಲಿಯಲ್ಲಿ ತುಂಬಿ ಫ್ರಿಜ್ಜಲ್ಲಿ ಮೂರು ದಿನ ಅಲ್ಲಾಡಿಸದೆ ಇಡಿ. ಮೇಲೆ ತಿಳಿ, ತಳದಲ್ಲಿ ಕೆನೆಬಣ್ಣದ ಪದರ ಬಂದ್ರೆ ಅದು ಯೀಸ್ಟ್. ಏನೂ ಹಾಕೋದು ಬೇಡ, ಕಾಯಿರಿ. ಹಾಗೆ ಬರದಿದ್ರೆ, ಮೆಡಿಕಲ್ ಅಂಗಡಿಯ ಸ್ಪಿರಿಟ್ ನಾಲ್ಕು ಚಮಚಕ್ಕೆ ಒಂದು ಚಮಚ ವೈನ್ ಹಾಕಿ ಅಲ್ಲಾಡಿಸಿ ಅರ್ಧ ಗಂಟೆ ಬಿಡಿ. ದಾರದ ಹಾಗೆ, ಲೋಳೆ ಹಾಗೆ ಎಳೆ ಕಂಡ್ರೆ ಪೆಕ್ಟಿನ್. ಅದನ್ನ ಕುಡಿಯೋದಲ್ಲ, ಚೆಲ್ಲಿ. ಅದೂ ಅಲ್ಲ ಅಂದ್ರೆ, ಸ್ವಲ್ಪ ವೈನನ್ನ ಕುದಿಯೋಕೆ ಬಿಡದೆ, ಕೈ ಇಡೋಕಾಗದಷ್ಟು ಬಿಸಿ ನೀರಲ್ಲಿ ಒಂದೆರಡು ಗಂಟೆ ಇಟ್ಟು ಆರಿಸಿ. ಹತ್ತಿ ಎಳೆ ಹಾಗೆ ಮಬ್ಬು ಜಾಸ್ತಿಯಾದ್ರೆ ಪ್ರೋಟೀನ್. ಆಗ ಬೆಂಟೊನೈಟ್. ಭರಣಿಗೆ ಒಂದು ಹಿಡಿ ಗೋಧಿ ಹಾಕೋ ಪದ್ಧತಿ ಇರೋರಿಗೆ ಇನ್ನೊಂದು ಅನುಮಾನ ಇರ್ಲಿ, ಪಿಷ್ಟ. ಒಂದು ಹನಿ ಅಯೋಡಿನ್ ಬಿಟ್ರೆ ನೀಲಿ ಆಗುತ್ತೆ. ಇನ್ನು ಮೂಗಿಗೆ ವಿನೆಗರ್ ಹೊಡೆದ್ರೆ, ಮೇಲೆ ಬಿಳಿ ಪೊರೆ ಕಟ್ಟಿದ್ರೆ ಯಾವ ಪರೀಕ್ಷೆಯೂ ಬೇಡ. ಅದು ಬ್ಯಾಕ್ಟೀರಿಯಾ ಅಥವಾ ಗಾಳಿ ತಿನ್ನೋ ಯೀಸ್ಟಿನ ಕೆಲಸ, ತಿಳಿ ಮಾಡಿದ್ರೂ ಹುಳಿ ಹೋಗಲ್ಲ.

ಈಗ ಮೊಟ್ಟೆ ವಿಷಯ. ನಮ್ಮ ಕಡೆ ಕ್ರಿಸ್ಮಸ್ ವೈನಿಗೆ ಮೊಟ್ಟೆ ಬಿಳಿ ಬಡಿದು ಹಾಕೋದು ಹಳೇ ರೂಢಿ. ತತ್ವ ಸರಿಯಾಗೇ ಇದೆ. ಮೊಟ್ಟೆಯ ಬಿಳಿ ಕೆಂಪು ವೈನಿನ ಒಗರನ್ನ ಹಿಡಿದು ಇಳಿಯುತ್ತೆ. ಫ್ರಾನ್ಸಿನ ಬೋರ್ಡೋದಲ್ಲಿ ಶತಮಾನಗಳಿಂದ ಮಾಡ್ತಾ ಬಂದಿದ್ದಾರೆ. ಆದ್ರೆ ಅವರ ಲೆಕ್ಕ ನೋಡಿ. 225 ಲೀಟರಿನ ಒಂದು ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ. ಅಂದ್ರೆ ಸುಮಾರು ನಲವತ್ತು ಲೀಟರಿಗೆ ಒಂದು. ನಮ್ಮ ಅತ್ತೆ ನಾಲ್ಕು ಲೀಟರ್ ಭರಣಿಗೆ ಒಂದು ಪೂರ್ತಿ ಮೊಟ್ಟೆಯ ಬಿಳಿ ಹಾಕ್ತಿದ್ರು. ಹತ್ತು ಪಟ್ಟು! ವೈನ್ ತಿಳಿಯಾಗ್ತಿತ್ತು, ನಿಜ. ಆದ್ರೆ ನೀರ್ ನೀರಾಗಿ, ಬಣ್ಣ ಇಳಿದು, ಬಾಯಲ್ಲಿ ನಿಲ್ಲೋ ಒಗರೇ ಇಲ್ಲದೆ ಸಕ್ಕರೆ ಪಾನಕದ ಹಾಗಿರ್ತಿತ್ತು.

ಹೋದ ಸಲ ಹತ್ತು ಲೀಟರ್ ಬೆಂಗಳೂರು ನೀಲಿ ದ್ರಾಕ್ಷಿ ವೈನನ್ನ ಎರಡು ಭಾಗ ಮಾಡ್ದೆ. ಒಂದಕ್ಕೆ ಅತ್ತೆ ಲೆಕ್ಕದಲ್ಲಿ ಮೊಟ್ಟೆ, ಇನ್ನೊಂದಕ್ಕೆ ಏನೂ ಇಲ್ಲ, ನಾಲ್ಕು ತಿಂಗಳು ತಂಪು ಮೂಲೆ. ಲೋಟದಲ್ಲಿ ಪಕ್ಕಪಕ್ಕ ಇಟ್ಟು ಅತ್ತೆಗೇ ಕೊಟ್ಟೆ, ಯಾವುದು ಯಾವುದು ಅಂತ ಹೇಳ್ಲಿಲ್ಲ. ಮೊಟ್ಟೆದು ಕುಡಿದು, "ಇದಕ್ಕೆ ನೀರು ಬೆರ್ಸಿದೀಯೇನೋ?" ಅಂದ್ರು. ಎರಡೂ ತಿಳಿಯಾಗೇ ಇದ್ವು. ಒಗರು ತೀರಾ ಗಂಟಲು ಹಿಡಿಯೋ ಹಾಗಿದ್ರೆ ಮೊಟ್ಟೆ ಹಾಕಿ, ಅದೂ ಹತ್ತು ಲೀಟರಿಗೆ ಕಾಲು ಮೊಟ್ಟೆಯ ಬಿಳಿ, ಚಿಟಿಕೆ ಉಪ್ಪಿನ ನೀರಲ್ಲಿ ನೊರೆ ಬರದ ಹಾಗೆ ಕಲಸಿ. ಬರೀ ಮಬ್ಬು ಅಂತ ಹಾಕ್ಬೇಡಿ.

ಇನ್ನೂ ಒಂದು ಜವಾಬ್ದಾರಿ ಇದೆ. ಮೊಟ್ಟೆ ಹಾಕಿದ ವೈನನ್ನ ಮೊಟ್ಟೆ ಮುಟ್ಟದ ಗೆಳೆಯನಿಗೆ ಕೊಟ್ಟಿದ್ದೆ. ಅವನು ಕೇಳ್ಲಿಲ್ಲ, ನನಗೂ ಹೊಳೀಲಿಲ್ಲ. ಗೊತ್ತಾದಾಗ ಅವನು ಸಿಟ್ಟು ಮಾಡ್ಲಿಲ್ಲ, ಆದ್ರೆ ಆಮೇಲೆ ನಮ್ಮನೆ ವೈನ್ ಕುಡೀಲಿಲ್ಲ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರೋದು. ಬಿಯರ್ ತಿಳಿ ಮಾಡೋ ಐಸಿಂಗ್ಲಾಸ್ ಮೀನಿನ ಗಾಳಿಚೀಲದ್ದು. ಬಹುಪಾಲು ಗಷ್ಟಿನ ಜೊತೆ ಇಳಿದು ಹೋಗುತ್ತೆ, ಆದ್ರೆ ಪೂರ್ತಿ ಹೋಯ್ತು ಅಂತ ಯಾರೂ ಹೇಳೋಕಾಗಲ್ಲ. ಮೊಟ್ಟೆ ಅಲರ್ಜಿ ಇರೋರಿಗೆ ಇದು ಬರೀ ನಂಬಿಕೆ ಪ್ರಶ್ನೆ ಅಲ್ಲ. ಯುರೋಪಲ್ಲಿ 2012ರಿಂದ ವೈನಲ್ಲಿ ಮೊಟ್ಟೆ, ಹಾಲಿನ ಅಂಶ ಉಳಿದಿದ್ರೆ ಲೇಬಲ್ ಮೇಲೆ ಹಾಕ್ಲೇಬೇಕು. ನಮ್ಮ ಬಾಟಲಿಗೆ ಲೇಬಲ್ ಇಲ್ಲ, ಬಾಯಿ ಇದೆ. ಹೇಳಿ ಕೊಡಿ.

ಕೊನೆಗೆ ತಂಪು, ಅಂದ್ರೆ ಕೋಲ್ಡ್ ಕ್ರ್ಯಾಶ್. ಹುದುಗು ಮುಗಿದ ವೈನನ್ನ ಫ್ರಿಜ್ಜಿನ ನಾಲ್ಕು ಡಿಗ್ರಿ ಆಸುಪಾಸಲ್ಲಿ ಐದಾರು ದಿನ ಇಡೋದು, ಅಷ್ಟೇ. ಚಳಿಗೆ ಯೀಸ್ಟ್ ಕೆಲಸ ನಿಲ್ಲಿಸಿ, ಗುಂಪುಗೂಡಿ ತಳ ಸೇರುತ್ತೆ. ದ್ರಾಕ್ಷಿ ವೈನಾದ್ರೆ ತಳದಲ್ಲಿ ಗಾಜಿನ ಪುಡಿ ಹಾಗೆ ಹರಳೂ ಕಾಣ್ಬಹುದು. ಹೆದರ್ಬೇಡಿ, ಅದು ದ್ರಾಕ್ಷಿ ಹುಳಿಯ ಉಪ್ಪು, ಬಿಸಿನೀರಿಗೆ ಹಾಕಿದ್ರೆ ಕರಗುತ್ತೆ, ಗಾಜು ಕರಗಲ್ಲ. ಅದು ಇಳಿದಷ್ಟು ಹುಳಿ ಸ್ವಲ್ಪ ಕಮ್ಮಿಯಾಗುತ್ತೆ. ಬಿಯರಲ್ಲಿ ತಂಪಿಗೆ ಮಾತ್ರ ಕಾಣಿಸ್ಕೊಂಡು ಬಿಸಿಗೆ ಮಾಯವಾಗೋ ಒಂದು ಮಬ್ಬಿದೆ, ಪ್ರೋಟೀನ್ ಮತ್ತು ಒಗರು ಸೇರಿ ಆಗೋದು. ಅದನ್ನ ತಂಪಲ್ಲಿದ್ದಾಗಲೇ ಕೂರಿಸಿ ಮೇಲಿನ ತಿಳಿ ಇಳಿಸ್ಕೋಬೇಕು. ಗೋಧಿ ಬಿಯರಿಗಂತೂ ಮಬ್ಬೇ ಲಕ್ಷಣ, ಅದನ್ನ ತೆಗೆಯೋದು ಯಾಕೆ?

ತಂಪು ಮಾಡುವಾಗ ಒಂದು ಎಡವಟ್ಟು ಗಮನಿಸಿ. ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನ ಎಳ್ಕೊಳ್ಳುತ್ತೆ. ಏರ್‌ಲಾಕ್ ಇದ್ರೆ ಅದರ ನೀರು ಒಳಗೆ ಬೀಳುತ್ತೆ, ಬಾಯಿಗೆ ಬಟ್ಟೆ ಕಟ್ಟಿದ್ರೆ ಫ್ರಿಜ್ಜಿನ ಗಾಳಿಯೇ ನುಗ್ಗುತ್ತೆ. ಗಾಳಿ ಸೇರಿದ ವೈನ್ ಕಂದು ಬಣ್ಣಕ್ಕೆ ತಿರುಗುತ್ತೆ, ವಿನೆಗರ್ ದಾರಿ ಹಿಡಿಯುತ್ತೆ. ಹುದುಗು ಪೂರ್ತಿ ಮುಗಿದಿದ್ರೆ ಕತ್ತಿನವರೆಗೆ ತುಂಬಿ ಗಟ್ಟಿ ಮುಚ್ಚಳ ಹಾಕಿ ಇಡಿ.

"ಹುದುಗು ಪೂರ್ತಿ ಮುಗಿದಿದ್ರೆ" ಅಂದ್ನಲ್ಲ, ನಾನು ಎಡವಿದ್ದು ಅಲ್ಲೇ. ಆ ವರ್ಷ ಕ್ರಿಸ್ಮಸ್ಸಿಗೆ ಕೊಡ್ಬೇಕು ಅಂತ ಅವಸರ. ಇಪ್ಪತ್ತೈದನೇ ದಿನಕ್ಕೇ ದ್ರಾಕ್ಷಿ ವೈನ್ ಫ್ರಿಜ್ಜಿಗೆ ಇಟ್ಟೆ. ಆರು ದಿನಕ್ಕೆ ಮಾಣಿಕ್ಯದ ಹಾಗೆ ತಿಳಿ. ನೋಡಿ ಮರುಳಾಗಿ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ದಾರ ಕಟ್ಟಿ ಉಗ್ರಾಣದಲ್ಲಿಟ್ಟೆ. ಹೈಡ್ರೋಮೀಟರ್ ಮನೇಲೇ ಇತ್ತು, ಹಾಕಿ ನೋಡ್ಲಿಲ್ಲ. ಮಾರ್ಚ್ ಸೆಕೆಗೆ ಒಂದು ಮಧ್ಯಾಹ್ನ ಪಟಾಕಿ ಹೊಡೆದ ಹಾಗೆ ಶಬ್ದ. ಒಂದು ಬಾಟಲಿ ಸಿಡಿದು ಪಕ್ಕದ ಎರಡನ್ನೂ ಒಡೆದಿತ್ತು. ಗಾಜು ಅಕ್ಕಿ ಮೂಟೆಗೆ ಚುಚ್ಕೊಂಡಿತ್ತು. ಐದು ನಿಮಿಷ ಮುಂಚೆ ಮಗಳು ಅದೇ ಮೂಟೆಯಿಂದ ಅಕ್ಕಿ ತಗೊಂಡು ಬಂದಿದ್ಲು.

ಉಳಿದ ಬಾಟಲಿಗಳನ್ನ ಕಂಬಳಿ ಸುತ್ತಿ ಹೊರಗೆ ತಂದು ಒಂದೊಂದಾಗಿ ತೆಗೆದೆ. ಫ್ರಿಜ್ಜಿನ ಹಿಂದಿನ ಮೂಲೆಯಲ್ಲೇ ಉಳಿದಿದ್ದ ಒಂದು ಬಾಟಲಿ ಅಳೆದ್ರೆ 1.012. ಪೂರ್ತಿ ಮುಗಿದ ವೈನ್ 1.000ಕ್ಕಿಂತ ಕೆಳಗೆ ಹೋಗ್ಬೇಕು. ಲೀಟರಿಗೆ ಸುಮಾರು ನಲವತ್ತು ಗ್ರಾಂ ಸಕ್ಕರೆ ಇನ್ನೂ ಬಾಕಿ. ಶಾಂಪೇನ್ ಬಾಟಲಿಯಲ್ಲಿ ಗ್ಯಾಸ್ ಬರಿಸೋಕೆ ಹಾಕೋದು ಲೀಟರಿಗೆ ಸುಮಾರು 24 ಗ್ರಾಂ, ಅಷ್ಟಕ್ಕೇ ಒಳಗೆ ಆರು ವಾತಾವರಣದಷ್ಟು ಒತ್ತಡ, ಅದಕ್ಕೇ ಆ ಬಾಟಲಿ ಅಷ್ಟು ದಪ್ಪ. ನನ್ನದು ಮಾಮೂಲಿ ಹಳೇ ಬಾಟಲಿ.

ಇಲ್ಲೇ ನನ್ನ ವಾದದ ತಿರುಳಿದೆ. ತಂಪು ಯೀಸ್ಟನ್ನ ಕೊಲ್ಲಲ್ಲ, ಮಲಗಿಸುತ್ತೆ. ಕಣ್ಣಿಗೆ ತಿಳಿಯಾಗಿ ಕಂಡ ವೈನಲ್ಲೂ ಎಣಿಸಲಾಗದಷ್ಟು ಯೀಸ್ಟ್ ಉಳಿದಿರುತ್ತೆ. ಸಕ್ಕರೆ ಇದ್ದು, ಬೆಚ್ಚಗಾದ್ರೆ ಮತ್ತೆ ಏಳುತ್ತೆ. ಬಗ್ಗಡವಾಗಿದ್ದಾಗ ನಾವು ಅನುಮಾನ ಪಡ್ತೀವಿ, ಕಾಯ್ತೀವಿ. ತಿಳಿಯಾದ ಕೂಡ್ಲೆ ನಂಬಿಬಿಡ್ತೀವಿ. ಫೈನಿಂಗ್ ಆಗ್ಲಿ, ತಂಪಾಗ್ಲಿ, ತೆಗೆಯೋದು ತೇಲೋ ವಸ್ತುವನ್ನ, ಅದರ ಜೊತೆ ಒಂದಿಷ್ಟು ಒಗರು, ಬಣ್ಣ, ಪರಿಮಳವನ್ನ. ಸಕ್ಕರೆ ತೆಗೆಯಲ್ಲ. ವಿನೆಗರ್ ಹುಳಿ ತೆಗೆಯಲ್ಲ. ಆಲ್ಕೋಹಾಲೂ ಇಳಿಸಲ್ಲ, "ತಿಳಿ ಮಾಡಿದ್ರೆ ವಿಷ ಹೋಗುತ್ತೆ" ಅನ್ನೋ ಮಾತಂತೂ ಶುದ್ಧ ಸುಳ್ಳು.

ಹಾಗಾಗಿ ನಮ್ಮನೆ ನಿಯಮ ಈಗ ಇಷ್ಟು. ಹೈಡ್ರೋಮೀಟರ್ 1.000ಕ್ಕಿಂತ ಕೆಳಗೆ ಹೋಗಿ, ಎರಡು ವಾರ ಬಿಟ್ಟು ನೋಡಿದ್ರೂ ಅಲ್ಲೇ ನಿಂತಿದ್ರೆ ಮಾತ್ರ ತಂಪಿಗೆ. ಸಿಹಿ ಬೇಕು ಅನ್ನೋರಿಗೆ ಕುಡಿಯೋ ದಿನ ಲೋಟಕ್ಕೆ ಸಕ್ಕರೆ ಪಾಕ, ಇಲ್ಲಾಂದ್ರೆ ಫ್ರಿಜ್ಜಲ್ಲೇ ಇಟ್ಟು ಫ್ರಿಜ್ಜಿಂದಲೇ ಮುಗಿಸೋದು. ತಂಪಾದ ಮೇಲೂ ಮಬ್ಬಿದ್ರೆ ಪರೀಕ್ಷೆ. ಪರೀಕ್ಷೆ ಹೇಳಿದ್ರೆ ಮಾತ್ರ ಮದ್ದು, ಅದೂ ಮೊದಲು ಒಂದು ಲೀಟರಿಗೆ ಹಾಕಿ ನೋಡಿ, ಆಮೇಲೆ ಪೂರ್ತಿಗೆ. ಇದಿಷ್ಟೂ ಮನೆ ಮಂದಿಗೆ ಮಾತ್ರ, ಲೈಸೆನ್ಸ್ ಇಲ್ಲದೆ ಮಾರೋದು ಅಪರಾಧ, ಅದನ್ನ ಕೇಳ್ಬೇಡಿ.

ಮೂರೂ ಪರೀಕ್ಷೆ ಮಾಡಿದ ಮೇಲೂ ಸ್ವಲ್ಪ ಮಸುಕು ಉಳಿದಿದ್ದು, ವಾಸನೆ ರುಚಿ ಚೆನ್ನಾಗಿದ್ರೆ? ಗಾಜಿನ ಲೋಟ ಬಿಟ್ಟು ಸ್ಟೀಲ್ ಲೋಟದಲ್ಲಿ ಕುಡೀರಿ. ತಮಾಷೆಗೆ ಹೇಳ್ತಿಲ್ಲ. ಆ ಮಸುಕು ತೆಗೆಯೋಕೆ ಹೋಗಿ ಸೀಬೆಯ ಘಮ ಕಳ್ಕೊಂಡವನು ಹೇಳ್ತಿದೀನಿ.

ನಿಮ್ಮದು ಯಾವ ಹಣ್ಣು, ಕುದಿಸಿದ್ರಾ ಇಲ್ವಾ, ಎಷ್ಟು ದಿನ ಆಯ್ತು, ಈ ಮೂರು ಬರೆದು ಕೇಳಿ. ಬರೀ ಫೋಟೋ ಹಾಕಿದ್ರೆ ನನಗೂ ಮಬ್ಬೇ ಕಾಣೋದು.